ಅರ್ಧ ಮಿಲಿಮೀಟರಿನ ಸಡಿಲ: ಗಿಟಾರಿಗೆ ಹೊಸ ತಂತಿ ಹಾಕುವ ಬಗೆ

ಗಿಟಾರಿಗೆ ಹೊಸ ತಂತಿ ಹಾಕಿ ಶ್ರುತಿ ಸೇರಿಸಿದರೆ ಆ ಶ್ರುತಿ ಮೊದಲ ದಿನ ನಿಲ್ಲುವುದಿಲ್ಲ. ಒಂದು ಹಾಡು ನುಡಿಸಿ ಮುಗಿಸುವಷ್ಟರಲ್ಲಿ ಇಳಿದಿರುತ್ತದೆ. ಏರಿಸಿದರೆ ಮತ್ತೆ ಇಳಿಯುತ್ತದೆ. ಮೊದಲ ಸಲ ತಂತಿ ಬದಲಿಸಿದವರು ತಂತಿಯೇ ಕಳಪೆಯೆಂದೋ ಕೀ ಕೆಟ್ಟಿದೆಯೆಂದೋ ಅಂದುಕೊಳ್ಳುವುದುಂಟು. ಹೊಸ ತಂತಿ ಹಿಗ್ಗುತ್ತಾ ಹೋಗುವುದರಿಂದ ಹೀಗಾಗುತ್ತದೆ ಎಂಬ ವಿವರಣೆಯೂ ವಾಡಿಕೆಯಲ್ಲಿದೆ. ಉಕ್ಕಿನ ತಂತಿಯ ಮಟ್ಟಿಗೆ ಈ ವಿವರಣೆ ಅಷ್ಟಾಗಿ ಸರಿಯಲ್ಲ. ಶ್ರುತಿಗೆ ಬೇಕಾದ ಬಿಗಿತದಲ್ಲಿ ಉಕ್ಕು ಎಳೆದಷ್ಟು ಹಿಗ್ಗಿ, ಬಿಟ್ಟರೆ ಮೊದಲಿನ ಉದ್ದಕ್ಕೇ ಮರಳುತ್ತದೆ. ನಿಜವಾಗಿ ಜಾರುವುದು ತಂತಿಯ ಎರಡು ತುದಿಗಳು. ಗೂಟಕ್ಕೆ ಸುತ್ತಿದ ಸುತ್ತುಗಳ ನಡುವೆ ಸಡಿಲವಿರುತ್ತದೆ, ಬ್ರಿಡ್ಜಿನ ಒಳಗೆ ತಂತಿಯ ಗುಂಡು ಇನ್ನೂ ತನ್ನ ಜಾಗದಲ್ಲಿ ಕೂತಿರುವುದಿಲ್ಲ, ತಂತಿ ಬಾಗುವ ಮೂಲೆಗಳಲ್ಲಿ ಚೂಪಾದ ಬಾಗು ಮೂಡಿರುವುದಿಲ್ಲ. ನುಡಿಸಿದಂತೆಲ್ಲ ಈ ಸಡಿಲ ಒಂದೊಂದಾಗಿ ಬಿಗಿಯುತ್ತದೆ, ಅಷ್ಟಷ್ಟು ಉದ್ದ ನುಡಿಯುವ ಭಾಗಕ್ಕೆ ಸೇರುತ್ತದೆ, ಶ್ರುತಿ ಇಳಿಯುತ್ತದೆ.

ಎಷ್ಟು ಸಡಿಲಕ್ಕೆ ಎಷ್ಟು ಇಳಿತ ಎಂಬುದನ್ನು ಲೆಕ್ಕ ಹಾಕಬಹುದು. ಸಾಮಾನ್ಯ ಅಕೌಸ್ಟಿಕ್ ಗಿಟಾರಿನಲ್ಲಿ ನಟ್‌ನಿಂದ ಸ್ಯಾಡಲ್‌ವರೆಗೆ, ಅಂದರೆ ತಂತಿ ನುಡಿಯುವ ಭಾಗದಲ್ಲಿ, ಸುಮಾರು 648 ಮಿಲಿಮೀಟರ್ ಉದ್ದವಿರುತ್ತದೆ. ಒಂದನೆಯ ತಂತಿ, ಅಂದರೆ ಎಲ್ಲಕ್ಕಿಂತ ತೆಳುವಾದದ್ದು, ಇಂಚಿನ ಸಾವಿರದ 12 ಪಾಲು ದಪ್ಪದ್ದಾಗಿದ್ದರೆ ಅದನ್ನು ‘ಇ’ ಶ್ರುತಿಗೆ ತರಲು 10 ಕಿಲೋಗ್ರಾಂಗಿಂತ ತುಸು ಹೆಚ್ಚಿನ ಎಳೆತ ಬೇಕು. ಆ ತಂತಿಯ ತುದಿಯಲ್ಲಿ ಬರೀ ಅರ್ಧ ಮಿಲಿಮೀಟರ್ ಜಾರಿದರೆ ಸಾಕು, ಶ್ರುತಿ ಒಂದು ಫ್ರೆಟ್ಟಿನಷ್ಟು, ನಮ್ಮ ಸಂಗೀತದ ಮಾತಿನಲ್ಲಿ ಒಂದು ಸ್ವರಸ್ಥಾನದಷ್ಟು, ಕೆಳಗೆ ಬೀಳುತ್ತದೆ. ದಪ್ಪ ತಂತಿಗಳಿಗೆ ಅರ್ಧ ಮಿಲಿಮೀಟರೂ ಬೇಡ, ಅದರ ಅರ್ಧವೇ ಸಾಕು. ತಂತಿ ಕಟ್ಟುವ ಕೆಲಸದ ಸೂಕ್ಷ್ಮಗಳೆಲ್ಲ ಈ ಅರ್ಧ ಮಿಲಿಮೀಟರಿನ ಸುತ್ತಲೇ ಇವೆ.

ತಂತಿ ಕೊಳ್ಳುವ ಮೊದಲು ಗಿಟಾರು ಯಾವ ಬಗೆಯದೆಂದು ನೋಡಿಕೊಳ್ಳಬೇಕು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ತಂತಿಗಳನ್ನು ಬ್ರಿಡ್ಜಿನ ಮರಕ್ಕೆ ಗಂಟು ಹಾಕಿ ಕಟ್ಟಿರುತ್ತಾರೆ. ಉಕ್ಕಿನ ತಂತಿಯ ಗಿಟಾರಿನ ಬ್ರಿಡ್ಜಿನಲ್ಲಿ ಸಾಮಾನ್ಯವಾಗಿ ಆರು ಪಿನ್ನುಗಳ ಸಾಲು ಕಾಣುತ್ತದೆ. ಮೊದಲನೆಯದಕ್ಕೆ ಉಕ್ಕಿನ ತಂತಿ ಹಾಕಲೇಬಾರದು. ನೈಲಾನ್ ತಂತಿಯ ಎಳೆತಕ್ಕೆಂದು ತೆಳುವಾಗಿ ಮಾಡಿದ ಅದರ ಮೇಲ್ಹಲಗೆ ಉಕ್ಕಿನ ಎಳೆತಕ್ಕೆ ಉಬ್ಬುತ್ತದೆ, ಬ್ರಿಡ್ಜ್ ಅಂಟು ಬಿಟ್ಟು ಕಿತ್ತು ಬರುತ್ತದೆ. ಇಲ್ಲಿ ಹೇಳುತ್ತಿರುವುದು ಪಿನ್ನುಗಳಿರುವ ಅಕೌಸ್ಟಿಕ್ ಗಿಟಾರಿನ ವಿಷಯ. ಕಲಿಯುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಅದೇ.

ಅಂಗಡಿಯಲ್ಲಿ ತಂತಿಯ ಪೊಟ್ಟಣಗಳ ಮೇಲೆ 10–47, 11–52, 12–53 ಎಂಬಂಥ ಅಂಕಿಗಳಿರುತ್ತವೆ. ಇವು ಗೇಜ್. ಮೊದಲ ಅಂಕಿ ಆ ಕಟ್ಟಿನ ಅತಿ ತೆಳು ತಂತಿಯ ದಪ್ಪ, ಎರಡನೆಯದು ಅತಿ ದಪ್ಪ ತಂತಿಯದು, ಎರಡೂ ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ. ಅಂಗಡಿಯವರೂ ವಾದಕರೂ ಮೊದಲ ಅಂಕಿಯನ್ನೇ ಹೆಸರಾಗಿ ಬಳಸುತ್ತಾರೆ: ‘ಹತ್ತರ ಸೆಟ್’, ‘ಹನ್ನೆರಡರ ಸೆಟ್’. ಪೊಟ್ಟಣದ ಮೇಲಿನ ಲೈಟ್, ಎಕ್ಸ್‌ಟ್ರಾ ಲೈಟ್ ಎಂಬ ಮಾತುಗಳನ್ನು ನಂಬುವುದಕ್ಕಿಂತ ಅಂಕಿಗಳನ್ನು ನೋಡುವುದು ಒಳ್ಳೆಯದು. ಅಕೌಸ್ಟಿಕ್ಕಿನಲ್ಲಿ ಲೈಟ್ ಎಂದರೆ ಸಾಮಾನ್ಯವಾಗಿ 12ರ ಸೆಟ್. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದೇ ಮಾತಿಗೆ 9 ಅಥವಾ 10ರ ಸೆಟ್ ಬರುತ್ತದೆ.

9, 10, 12 ಎಂದರೆ ಅಷ್ಟೇನೂ ವ್ಯತ್ಯಾಸವಿಲ್ಲವೆಂದು ತೋರುತ್ತದೆ. ಆದರೆ ಒಂದೇ ಶ್ರುತಿಗೆ ಬೇಕಾಗುವ ಎಳೆತ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದನೆಯ ತಂತಿಯನ್ನೇ ನೋಡಿದರೆ, ಇಂಚಿನ ಸಾವಿರದ 10 ಪಾಲಿನ ತಂತಿಗೆ ‘ಇ’ ಶ್ರುತಿಯಲ್ಲಿ ಸುಮಾರು 7.3 ಕಿಲೋಗ್ರಾಂ ಎಳೆತ ಸಾಕು, 12 ಪಾಲಿನದಕ್ಕೆ 10.6 ಬೇಕು. ಎರಡೇ ಅಂಕಿ ಹೆಚ್ಚಿದರೂ ಎಳೆತ ಶೇಕಡ 44ರಷ್ಟು ಹೆಚ್ಚಿತು. ಆರೂ ತಂತಿ ಸೇರಿಸಿದರೆ 10ರ ಸೆಟ್ಟಿನ ಒಟ್ಟು ಎಳೆತ 60 ಕಿಲೋಗ್ರಾಂ ಆಸುಪಾಸು, 12ರದು 70ನ್ನು ದಾಟುತ್ತದೆ. ಗಿಟಾರಿನ ನೆಕ್ ಹಗಲಿರುಳೂ ಈ ಭಾರವನ್ನು ಹೊರುತ್ತಿರುತ್ತದೆ.

ಬೆರಳಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಎಫ್ ಸ್ವರಮೇಳವನ್ನು ತೋರುಬೆರಳಿನಿಂದ ಆರೂ ತಂತಿಗಳಿಗೆ ಅಡ್ಡವಾಗಿ ಒತ್ತುವಾಗ 12ರ ಸೆಟ್ಟಿನಲ್ಲಿ ಸ್ವರ ಹೊರಡದವರಿಗೆ 10ರಲ್ಲಿ ಹೊರಡುವುದುಂಟು. ಅದಕ್ಕೆ ತೆರಬೇಕಾದ ಬೆಲೆ ನಾದದ ತುಂಬು. ತೆಳು ತಂತಿ ಮೇಲ್ಹಲಗೆಯನ್ನು ಅಷ್ಟು ಜೋರಾಗಿ ಅಲುಗಿಸಲಾರದು. ಮೀಟು ಬಲವಾದರೆ ಅಗಲವಾಗಿ ಆಡಿ ಫ್ರೆಟ್ಟುಗಳಿಗೆ ತಾಗಿ ಝರ್ರೆನ್ನುತ್ತದೆ. ಕಲಿಕೆಯ ಮೊದಲ ವರ್ಷಕ್ಕೆ 11ರ ಸೆಟ್ ಒಳ್ಳೆಯ ನಡುದಾರಿ. ಬೆರಳು ಎಳೆಯದಾಗಿರುವ ಮಕ್ಕಳಿಗೆ 10ರದು ಹೊಂದುತ್ತದೆ. ಬೆರಳ ತುದಿ ಗಟ್ಟಿಯಾಗಿ, ಹಾಡಿನ ಜೊತೆಗೆ ಜೋರಾಗಿ ಮೀಟುವವರಿಗೆ 12.

ಆದರೂ ಮೊದಲ ಸಲ ತಂತಿ ಬದಲಿಸುವಾಗ ಗೇಜನ್ನು ಬದಲಿಸದಿರುವುದೇ ಲೇಸು. ಗಿಟಾರಿನ ಮೇಲೆ ಈಗಿರುವ ತಂತಿ ಯಾವ ಗೇಜಿನದೆಂದು ತಯಾರಕರ ವಿವರಗಳಲ್ಲಿ ನೋಡಿಯೋ ಅಂಗಡಿಯಲ್ಲಿ ಹಳೆಯ ತುಂಡನ್ನು ಅಳೆಯಿಸಿಯೋ ತಿಳಿದುಕೊಂಡು ಅದನ್ನೇ ತರಬೇಕು. ಗೇಜ್ ಬದಲಾದರೆ ನೆಕ್ಕಿನ ಬಾಗು ಬದಲಾಗುತ್ತದೆ. ಎಳೆತ ಹೆಚ್ಚಿದರೆ ನೆಕ್ ಮುಂದಕ್ಕೆ ಬಾಗಿ ತಂತಿ ಎತ್ತರವಾಗುತ್ತದೆ, ಕಡಿಮೆಯಾದರೆ ಹಿಂದಕ್ಕೆ ಸರಿದು ತಂತಿ ಫ್ರೆಟ್ಟಿಗೆ ತಾಗುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸುವುದಕ್ಕೆ ಸುಲಭವಾದ ದಾರಿಯಿದೆ. ಆರನೆಯ ತಂತಿಯನ್ನು ಒಂದನೆಯ ಫ್ರೆಟ್ಟಿನಲ್ಲೂ ನೆಕ್ ಒಡಲಿಗೆ ಸೇರುವ 14ನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ನಡುವೆ 6 ಅಥವಾ 7ನೆಯ ಫ್ರೆಟ್ಟಿನ ನೆತ್ತಿಗೂ ತಂತಿಗೂ ಇರುವ ಸಂದನ್ನು ನೋಡಬೇಕು. ಸುಮಾರು ಕಾಲು ಮಿಲಿಮೀಟರ್ ಸಂದಿದ್ದರೆ ಸರಿ. 10ರ ಗೇಜಿನ ಒಂದನೆಯ ತಂತಿಯ ದಪ್ಪವೂ ಸರಿಯಾಗಿ ಅಷ್ಟೇ ಆದ್ದರಿಂದ ಅದರ ತುಂಡೇ ಅಳತೆಗೋಲಾಗುತ್ತದೆ. ಸಂದೇ ಇಲ್ಲದಿದ್ದರೆ, ಅಥವಾ ಅದು ಇದರ ಎರಡು ಪಟ್ಟಿಗಿಂತ ದೊಡ್ಡದಿದ್ದರೆ, ನೆಕ್ಕಿನೊಳಗಿನ ಟ್ರಸ್ ರಾಡನ್ನು ತಿರುಗಿಸಿ ಸರಿಪಡಿಸಬೇಕಾಗುತ್ತದೆ. ಅನುಭವವಿಲ್ಲದವರು ಅದನ್ನು ರಿಪೇರಿ ಮಾಡುವವರಿಗೆ ಒಪ್ಪಿಸುವುದು ಕ್ಷೇಮ.

ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ತಂತಿ ಕತ್ತರಿಸಲು ಕಟಿಂಗ್ ಪ್ಲಯರ್, ಟ್ಯೂನರ್ ಅಥವಾ ಫೋನಿನಲ್ಲಿ ಟ್ಯೂನರ್ ಆ್ಯಪ್, ಒಂದು ಮೆತ್ತನೆಯ ಬಟ್ಟೆ. ಕೀ ತಿರುಗಿಸಲು ಪ್ಲಾಸ್ಟಿಕ್ಕಿನ ವೈಂಡರ್ ಸಿಗುತ್ತದೆ. ಅದಿದ್ದರೆ ಕೈಗೆ ಆಯಾಸ ಕಡಿಮೆ.

ಆರೂ ತಂತಿಗಳನ್ನು ಒಮ್ಮೆಗೇ ತೆಗೆದರೆ ನೆಕ್ ಹಾಳಾಗುತ್ತದೆಂಬ ಭಯ ಹಲವರಲ್ಲಿದೆ. ಅರ್ಧ ದಿನ ತಂತಿಯಿಲ್ಲದೆ ಇದ್ದರೆ ನೆಕ್ಕಿಗೆ ಏನೂ ಆಗದು. ಫ್ರೆಟ್ ಬೋರ್ಡ್ ಒರೆಸಬೇಕಿದ್ದರೆ ಎಲ್ಲವನ್ನೂ ತೆಗೆಯುವುದೇ ಅನುಕೂಲ. ಆದರೂ ಮೊದಲ ಸಲಕ್ಕೆ ಒಂದನ್ನು ತೆಗೆದು ಒಂದನ್ನು ಹಾಕುವ ಕ್ರಮವೇ ಒಳ್ಳೆಯದು. ಯಾವ ತಂತಿ ಯಾವ ಗೂಟಕ್ಕೆ, ಯಾವ ದಿಕ್ಕಿಗೆ ಸುತ್ತಿದೆ ಎಂಬುದನ್ನು ಪಕ್ಕದ ಹಳೆಯ ತಂತಿ ನೋಡಿ ತಿಳಿಯಬಹುದು. ಹಳೆಯ ತಂತಿಯನ್ನು ಬಿಗಿಯಾಗಿರುವಾಗಲೇ ಕತ್ತರಿಸಬಾರದು. ಹತ್ತು ಕಿಲೋಗ್ರಾಂ ಎಳೆತದ ತುದಿ ಚಿಮ್ಮಿ ಕಣ್ಣಿಗೆ ಬಡಿದೀತು. ಕೀ ತಿರುಗಿಸಿ ತಂತಿ ಜೋಲುವಷ್ಟು ಸಡಿಲಿಸಿದ ಮೇಲೆ ಬ್ರಿಡ್ಜಿನ ಪಿನ್ ಕೀಳಬೇಕು. ವೈಂಡರಿನ ತುದಿಯಲ್ಲಿರುವ ಕಚ್ಚು ಇದಕ್ಕೆಂದೇ ಇರುವಂಥದು. ಪಿನ್ ಬಿಗಿಯಾಗಿ ಕಚ್ಚಿಕೊಂಡಿದ್ದರೆ ನಾದರಂಧ್ರದೊಳಗೆ ಕೈ ಹಾಕಿ, ಒಳಗಿನಿಂದ ಅದರ ತುದಿಯನ್ನು ನಾಣ್ಯವೊಂದರಿಂದ ಮೇಲಕ್ಕೆ ಒತ್ತಿದರೆ ಬರುತ್ತದೆ. ಇಕ್ಕಳದಿಂದ ಎಳೆದರೆ ಪಿನ್ನಿನ ತಲೆ ಮುರಿಯುತ್ತದೆ.

ಹೊಸ ತಂತಿಯ ಒಂದು ತುದಿಯಲ್ಲಿ ಹಿತ್ತಾಳೆಯ ಸಣ್ಣ ಗುಂಡಿರುತ್ತದೆ. ಅದನ್ನು ರಂಧ್ರಕ್ಕೆ ಇಳಿಸಿ ಮೇಲಿನಿಂದ ಪಿನ್ ಹಾಕುವಾಗ ಪಿನ್ನಿನ ಉದ್ದಕ್ಕೂ ಇರುವ ಗೀರು ಹೆಡ್‌ಸ್ಟಾಕಿನ ಕಡೆಗೆ ಮುಖ ಮಾಡಿರಬೇಕು; ತಂತಿ ಆ ಗೀರಿನಲ್ಲೇ ಮೇಲೆ ಬರುತ್ತದೆ. ತಂತಿಯನ್ನು ನಿಲ್ಲಿಸುವುದು ಪಿನ್ನೇ ಎಂದು ಭಾವಿಸುವುದು ಸಹಜ, ಆದರೆ ಎಳೆತವನ್ನು ತಡೆಯಬೇಕಾದದ್ದು ಮೇಲ್ಹಲಗೆಯ ಕೆಳಗೆ ಅಂಟಿಸಿರುವ ಗಟ್ಟಿ ಮರದ ಪಟ್ಟಿ. ಗುಂಡು ಪಕ್ಕಕ್ಕೆ ಸರಿದು ಆ ಪಟ್ಟಿಗೆ ಒತ್ತಿ ನಿಲ್ಲಬೇಕು, ಪಿನ್ ಅದನ್ನು ಅಲ್ಲಿಂದ ಹೊರಳದಂತೆ ನೋಡಿಕೊಂಡರೆ ಸಾಕು. ಗುಂಡು ಪಿನ್ನಿನ ಕೆಳತುದಿಗೇ ಸಿಕ್ಕಿ ಕೂತರೆ ಬಿಗಿ ಏರಿದಂತೆ ಪಿನ್ ಮೇಲಕ್ಕೆ ಏಳುತ್ತದೆ, ಕೆಲವೊಮ್ಮೆ ಹಾರಿ ಬೀಳುತ್ತದೆ. ಇದನ್ನು ತಪ್ಪಿಸಲು ಗುಂಡಿನ ಪಕ್ಕದಲ್ಲಿ ತಂತಿಯನ್ನು ತುಸು ಬಾಗಿಸಿಕೊಂಡು ಇಳಿಸುತ್ತಾರೆ. ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಇನ್ನೊಂದು ಕೈಯಿಂದ ತಂತಿಯನ್ನು ಮೇಲಕ್ಕೆ ಜಗ್ಗಿದಾಗ ಗುಂಡು ಟಕ್ಕೆಂದು ಕೂತದ್ದು ಕೈಗೇ ತಿಳಿಯುತ್ತದೆ. ಆಮೇಲೆ ಜಗ್ಗಿದರೂ ಪಿನ್ ಅಲುಗಬಾರದು.

ಇನ್ನು ಗೂಟದ ಕಡೆ. ವೀಣೆಯ ಬಿರಡೆಯ ಕೆಲಸವನ್ನೇ ಗಿಟಾರಿನ ಕೀ ಮಾಡುತ್ತದೆ, ಆದರೆ ಹಲ್ಲುಚಕ್ರದ ನೆರವಿನಿಂದ. ತಂತಿಯನ್ನು ಗೂಟದ ತೂತಿನಲ್ಲಿ ತೂರಿಸಿ ಪೂರ್ತಿ ಎಳೆದ ಮೇಲೆ ಅದನ್ನು ಸ್ವಲ್ಪ ಹಿಂದಕ್ಕೆ ಬಿಡಬೇಕು. ಎಷ್ಟು ಬಿಡಬೇಕೆಂಬುದರಲ್ಲೇ ಮುಂದೆ ಶ್ರುತಿ ನಿಲ್ಲುವುದೂ ನಿಲ್ಲದಿರುವುದೂ ಅಡಗಿದೆ. ಗೂಟದ ಅಡ್ಡಳತೆ ಸುಮಾರು 6 ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ 2 ಸೆಂಟಿಮೀಟರಿಗೆ ತುಸು ಕಡಿಮೆ ತಂತಿ ಹಿಡಿಯುತ್ತದೆ. ದಪ್ಪ ತಂತಿಗಳಿಗೆ ಎರಡೂವರೆ ಸುತ್ತು ಸಾಕು, ಹಾಗಾಗಿ ಅವಕ್ಕೆ 5 ಸೆಂಟಿಮೀಟರ್ ಸಡಿಲ. ನಯವಾದ ತೆಳು ತಂತಿಗಳು ಜಾರುವುದರಿಂದ ಅವಕ್ಕೆ ಮೂರರಿಂದ ಮೂರೂವರೆ ಸುತ್ತು, ಅಂದರೆ 6–7 ಸೆಂಟಿಮೀಟರ್. ಸುತ್ತು ಇದಕ್ಕಿಂತ ಕಡಿಮೆಯಾದರೆ ತಂತಿ ಜಾರುತ್ತದೆ. ಹೆಚ್ಚಾದರೆ ಬಿಗಿ ಹೆಚ್ಚುತ್ತದೆಂದು ತಿಳಿದು ಉದ್ದ ತಂತಿಯನ್ನೆಲ್ಲ ಸುತ್ತಿಬಿಡುವವರಿದ್ದಾರೆ. ಫಲ ಅದಕ್ಕೆ ತದ್ವಿರುದ್ಧ. ಹತ್ತು ಸುತ್ತು ಒಂದರ ಮೇಲೊಂದು ಏರಿ ಕೂತರೆ ಅವುಗಳ ನಡುವಿನ ಸಡಿಲ ದಿನಗಟ್ಟಲೆ ಬಿಗಿಯುತ್ತಲೇ ಇರುತ್ತದೆ.

ತೂತಿನಿಂದ ಹೊರಬಂದ ತುದಿಯನ್ನು ಗೂಟದ ಬಳಿಯೇ ಚೂಪಾಗಿ ಬಾಗಿಸಿ ಕೀ ತಿರುಗಿಸಲು ತೊಡಗಬೇಕು. ಎರಡು ಸಾಲು ಗೂಟಗಳಿರುವ ಹೆಡ್‌ಸ್ಟಾಕಿನಲ್ಲಿ ತಂತಿ ಗೂಟದ ಒಳಮಗ್ಗುಲಿನಿಂದ, ಅಂದರೆ ಸಾಲುಗಳ ನಡುವಿನಿಂದ ಬಂದು ಸುತ್ತಿಕೊಳ್ಳಬೇಕು. ಒಂದೊಂದು ಸುತ್ತೂ ಹಿಂದಿನದರ ಕೆಳಗೆ, ಮರದ ಕಡೆಗೆ ಇಳಿಯುತ್ತಾ ಹೋಗಬೇಕು. ಇದಕ್ಕಾಗಿ ಒಂದು ಕೈಯಿಂದ ತಂತಿಯನ್ನು ನಟ್‌ನ ಬಳಿ ಬಿಗಿ ಹಿಡಿದಿರಬೇಕಾಗುತ್ತದೆ. ಮಿಕ್ಕ ತುದಿಯನ್ನು ಶ್ರುತಿ ಸೇರಿದ ಮೇಲೆಯೇ ಕತ್ತರಿಸುವುದು ಸರಿ. ಸುತ್ತು ತಂತಿಗಳಲ್ಲಿ ಒಳಗಿನ ಉಕ್ಕಿನ ಎಳೆಯ ಮೇಲೆ ಕಂಚಿನ ಎಳೆ ಹೊಸೆದಿರುತ್ತದೆ. ಬಾಗಿಸದೆ ಕತ್ತರಿಸಿದರೆ ಆ ಹೊರಸುತ್ತು ಬಿಚ್ಚಿ ಸಡಿಲವಾಗಿ, ತಂತಿ ಮಂಕಾಗಿ ನುಡಿಯುತ್ತದೆ.

ಶ್ರುತಿ ಏರಿಸುವಾಗ ಮೊದಲ ಸಲದವರ ತಂತಿ ಕಡಿಯುವುದು ಹೆಚ್ಚಾಗಿ ಟ್ಯೂನರನ್ನು ತಪ್ಪಾಗಿ ಓದಿದ್ದರಿಂದ. ಪರದೆಯಲ್ಲಿ E ಎಂದಷ್ಟೇ ಬಂದರೆ ಅದು ಯಾವ ಸ್ಥಾಯಿಯದೆಂದು ತಿಳಿಯುವುದಿಲ್ಲ. ಒಂದನೆಯ ತಂತಿಗೆ ಬೇಕಾದದ್ದು E4, ಆರನೆಯದಕ್ಕೆ E2. ಸ್ಥಾಯಿ ತೋರಿಸುವ ಆ್ಯಪ್ ಇದ್ದರೆ ಗೊಂದಲವಿಲ್ಲ. ಇಲ್ಲದಿದ್ದರೆ ಪಕ್ಕದ ತಂತಿಯ ನೆರವು ಪಡೆಯಬಹುದು. ಎರಡನೆಯ ತಂತಿಯ ಐದನೆಯ ಫ್ರೆಟ್ ಒತ್ತಿದಾಗ ಬರುವ ಸ್ವರವೇ ಒಂದನೆಯ ತಂತಿಯದು. ಅದನ್ನು ಕೇಳಿಸಿಕೊಂಡು ಏರಿಸಿದರೆ ಹಾದಿ ತಪ್ಪುವುದಿಲ್ಲ. ಸದಾ ಕೆಳಗಿನಿಂದ ಮೇಲಕ್ಕೆ ಬಂದು ಶ್ರುತಿಯಲ್ಲಿ ನಿಲ್ಲಿಸಬೇಕೆಂಬುದೂ ಮುಖ್ಯ. ಹೆಚ್ಚಾಗಿದ್ದರೆ ಚೆನ್ನಾಗಿ ಇಳಿಸಿ ಮತ್ತೆ ಏರಿಸಬೇಕು. ಇಳಿಸಿ ನಿಲ್ಲಿಸಿದರೆ ಕೀಯ ಹಲ್ಲುಗಳ ನಡುವಿನ ಎಡೆ ಸಡಿಲವಾಗಿಯೇ ಉಳಿದು, ನುಡಿಸುವಾಗ ಅದು ಜಾರುತ್ತದೆ.

ಆಮೇಲೆ ಬರುವುದು ತಂತಿಯನ್ನು ಜಗ್ಗುವ ಕೆಲಸ. ದಿನಗಟ್ಟಲೆ ನುಡಿಸಿ ಬಿಗಿಯಾಗಬೇಕಾದ ಸಡಿಲವನ್ನು ಕೆಲವೇ ನಿಮಿಷಗಳಲ್ಲಿ ಬಿಗಿಸುವುದು ಇದರ ಉದ್ದೇಶ. ತಂತಿಯ ನಟ್ಟನಡುವೆ, 12ನೆಯ ಫ್ರೆಟ್ಟಿನ ಮೇಲೆ, ಬೆರಳು ತೂರಿಸಿ ಫ್ರೆಟ್ ಬೋರ್ಡಿನಿಂದ ನೇರ ಮೇಲಕ್ಕೆ ಎತ್ತಬೇಕು. ಎತ್ತರ ಎಷ್ಟಿರಬೇಕೆಂಬುದನ್ನು ಅದೇ 12ರ ಗೇಜಿನ ಒಂದನೆಯ ತಂತಿಯಲ್ಲಿ ನೋಡಬಹುದು. ಒಂದು ಸೆಂಟಿಮೀಟರ್ ಎತ್ತಿದರೆ ಎಳೆತಕ್ಕೆ ಮುಕ್ಕಾಲು ಕಿಲೋಗ್ರಾಂನಷ್ಟೂ ಸೇರುವುದಿಲ್ಲ. ಎರಡು ಸೆಂಟಿಮೀಟರಿಗೆ ಸುಮಾರು 2.8 ಕಿಲೋಗ್ರಾಂ ಸೇರಿ ಒಟ್ಟು 13 ದಾಟುತ್ತದೆ. ಮೂರು ಸೆಂಟಿಮೀಟರ್ ಎತ್ತಿದರೆ ಎಳೆತ 17ರ ಹತ್ತಿರ ಹೋಗುತ್ತದೆ, ಆ ದಪ್ಪದ ತಂತಿ ಕಡಿಯುವುದು 18–19ರ ಸುಮಾರಿಗೆ. ಹಾಗಾಗಿ ಒಂದೂವರೆಯಿಂದ ಎರಡು ಸೆಂಟಿಮೀಟರ್, ಅದಕ್ಕಿಂತ ಹೆಚ್ಚು ಬೇಡ. 10ರ ಗೇಜಿನಲ್ಲಿ ಕೈ ಇನ್ನೂ ಹಗುರವಾಗಿರಬೇಕು. ಜಗ್ಗುವಾಗ ಜರ್ಕು ಕೊಡದೆ ನಿಧಾನವಾಗಿ ಎತ್ತಿ, ಎರಡು ಮೂರು ಕ್ಷಣ ಹಿಡಿದು, ನಿಧಾನವಾಗಿ ಬಿಡಬೇಕು.

ಬರೀ ನಡುವೆ ಜಗ್ಗಿದರೆ ಸಾಲದು. ಸ್ಯಾಡಲ್ ದಾಟಿ ತಂತಿ ಪಿನ್ನಿನೊಳಗೆ ಇಳಿಯುವ ಜಾಗವನ್ನೂ, ನಟ್ ದಾಟಿ ಗೂಟಕ್ಕೆ ಹೋಗುವ ಭಾಗವನ್ನೂ ಹೆಬ್ಬೆರಳಿನಿಂದ ಒಮ್ಮೆ ಒತ್ತಬೇಕು. ಆಗ ಅಲ್ಲಿನ ಬಾಗುಗಳು ಸ್ಯಾಡಲ್ ಮತ್ತು ನಟ್‌ಗೆ ಅಂಟಿ ಕೂರುತ್ತವೆ. ಒಂದು ಸುತ್ತು ಜಗ್ಗಿ ಟ್ಯೂನರ್ ನೋಡಿದಾಗ ‘ಇ’ಯಲ್ಲಿದ್ದ ತಂತಿ ‘ಡಿ’ಯ ಹತ್ತಿರ ಇಳಿದಿದ್ದರೆ ಗಾಬರಿಯಾಗಬೇಕಿಲ್ಲ. ಎರಡು ಸ್ವರಸ್ಥಾನದ ಆ ಇಳಿತಕ್ಕೆ ಎರಡೂ ತುದಿ ಸೇರಿ ಜಾರಿದ್ದು ಒಂದೇ ಮಿಲಿಮೀಟರ್. ಮತ್ತೆ ‘ಇ’ಗೆ ಏರಿಸಿ ಜಗ್ಗಿದರೆ ಈ ಸಲ ಒಂದು ಸ್ವರಸ್ಥಾನಕ್ಕಿಂತ ಕಡಿಮೆ ಇಳಿಯುತ್ತದೆ, ಮೂರನೆಯ ಸಲ ಟ್ಯೂನರಿನ ಮುಳ್ಳು ತುಸು ವಾಲುತ್ತದೆ ಅಷ್ಟೇ. ಸಾಮಾನ್ಯವಾಗಿ ಮೂರರಿಂದ ಐದು ಸಲ ಬೇಕಾಗುತ್ತದೆ. ಜಗ್ಗಿದ ಮೇಲೂ ಮುಳ್ಳು ಅಲುಗದಿದ್ದರೆ ಆ ತಂತಿಯ ಕೆಲಸ ಮುಗಿಯಿತು. ಆರೂ ತಂತಿಗಳಿಗೆ ಹೀಗೆ ಮಾಡಿದ ಮೇಲೆ ಇಡೀ ಗಿಟಾರನ್ನು ಇನ್ನೊಮ್ಮೆ ಶ್ರುತಿ ನೋಡಬೇಕು. ಒಂದರ ಬಿಗಿ ಬದಲಾದಾಗ ನೆಕ್ ಕೂದಲೆಳೆಯಷ್ಟು ಬಾಗಿ ಉಳಿದ ತಂತಿಗಳ ಶ್ರುತಿಯೂ ಸರಿದಿರುತ್ತದೆ.

ನೈಲಾನ್ ತಂತಿಗಳ ಕಥೆ ಬೇರೆ. ಅಲ್ಲಿ ತಂತಿಯ ವಸ್ತುವೇ ನಿಜವಾಗಿ ಹಿಗ್ಗುತ್ತಾ ಹೋಗುತ್ತದೆ. ಎಷ್ಟು ಜಗ್ಗಿದರೂ ಪೂರ್ತಿ ನಿಲ್ಲಲು ಕೆಲವು ದಿನ ಬೇಕು, ದಿನಕ್ಕೆ ಹಲವು ಸಲ ಶ್ರುತಿ ಏರಿಸುತ್ತಾ ಕಾಯುವುದೊಂದೇ ದಾರಿ.

ಉಕ್ಕಿನ ತಂತಿ ಹೀಗೆಲ್ಲ ಮಾಡಿದ ಮೇಲೂ ಇಳಿಯುತ್ತಿದ್ದರೆ ಕಾರಣವನ್ನು ಇಳಿಯುವ ರೀತಿಯಿಂದಲೇ ಊಹಿಸಬಹುದು. ಒಂದೇ ತಂತಿ ಸತತವಾಗಿ ಇಳಿಯುತ್ತಿದ್ದರೆ ಅದು ಗೂಟದಲ್ಲಿ ಜಾರುತ್ತಿದೆ, ಇಲ್ಲವೇ ಪಿನ್ ಮೇಲೆದ್ದಿದೆ. ಎರಡೂ ಕಣ್ಣಿಗೆ ಕಾಣುವಂಥವು. ಪಿನ್ ಎದ್ದಿದ್ದರೆ ತಂತಿ ಸಡಿಲಿಸಿ ಗುಂಡನ್ನು ಮತ್ತೆ ಕೂರಿಸಬೇಕು. ಇಳಿಯುವುದರ ಜೊತೆಗೆ ಒಮ್ಮೊಮ್ಮೆ ಏರಿಯೂ ಇದ್ದರೆ, ಕೀ ತಿರುಗಿಸುವಾಗ ‘ಟಿಂಗ್’ ಎಂಬ ಸದ್ದಿನೊಡನೆ ಶ್ರುತಿ ಜಿಗಿದರೆ, ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಮೃದುವಾದ ಪೆನ್ಸಿಲಿನ ಸೀಸವನ್ನು ಆ ಕಚ್ಚಿಗೆ ತೀಡಿದರೆ ತಂತಿ ಸರಾಗವಾಗಿ ಸರಿಯುತ್ತದೆ. ದಪ್ಪ ಗೇಜಿಗೆ ಬದಲಾಯಿಸಿದ ಬಳಿಕ ಇದು ಶುರುವಾಗಿದ್ದರೆ ಕಚ್ಚು ಆ ತಂತಿಗೆ ಕಿರಿದಾಗಿದೆಯೆಂದು ಅರ್ಥ. ಅದನ್ನು ಅರದಿಂದ ಅಗಲಿಸುವುದು ರಿಪೇರಿಯವರ ಕೆಲಸ.

ಆರೂ ತಂತಿಗಳು ಒಟ್ಟಿಗೇ ಏರಿದ್ದರೆ ಅಥವಾ ಒಟ್ಟಿಗೇ ಇಳಿದಿದ್ದರೆ ತಂತಿ ಕಟ್ಟಿದ್ದರಲ್ಲಿ ತಪ್ಪು ಹುಡುಕಬೇಕಿಲ್ಲ. ಬಿಸಿಲಿನಿಂದ ತಂಪಾದ ಕೋಣೆಗೆ ತಂದಾಗ ತಂತಿ ಕುಗ್ಗಿ ಶ್ರುತಿ ಏರುತ್ತದೆ, ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬಿದಾಗ ದಿನದಿಂದ ದಿನಕ್ಕೆ ಶ್ರುತಿ ಸರಿಯುತ್ತದೆ. ಕರಾವಳಿಯಲ್ಲಿ ಬೆವರಿನ ಉಪ್ಪೂ ಗಾಳಿಯ ತೇವವೂ ಸೇರಿ ತಂತಿಗೆ ಬೇಗ ತುಕ್ಕು ಹಿಡಿಸುವುದರಿಂದ ನುಡಿಸಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿಡುವುದು ಅಲ್ಲಿ ಹೆಚ್ಚು ಅಗತ್ಯ. ಕೊನೆಯದಾಗಿ, ಕೀಯನ್ನು ಮುಟ್ಟದೆಯೇ ಗೂಟ ಕೈಗೆ ಅಲ್ಲಾಡಿದರೆ ಅದನ್ನು ಹೆಡ್‌ಸ್ಟಾಕಿಗೆ ಬಿಗಿದಿರುವ ನಟ್ಟು ಸಡಿಲವಾಗಿದೆ. ಪುಟ್ಟ ಸ್ಪ್ಯಾನರಿನಿಂದ ಮರಕ್ಕೆ ಒತ್ತಡ ಬೀಳದಷ್ಟು ಬಿಗಿಸಿದರೆ ಆ ತಂತಿಯ ಶ್ರುತಿಯೂ ನಿಲ್ಲುತ್ತದೆ.